ಗೇಣುದ್ದದ ಪೈರು, ಅಡಿ ಆಳದ ಮಣ್ಣು

ಮುಸುಕಿನ ಜೋಳ ಮೊಳೆತ ಮೊದಲ ಕೆಲವು ವಾರಗಳಲ್ಲಿ ಮಣ್ಣಿನಿಂದ ಎಳೆದುಕೊಳ್ಳುವ ಸಾರಜನಕ ತೀರ ಕಡಿಮೆ. ಪೈರು ಗೇಣುದ್ದ ಬೆಳೆದು ಆರೇಳು ಎಲೆ ಬಿಡುವ ಹೊತ್ತಿಗೆ ಅದು ಪಡೆದಿರುವುದು ತನ್ನ ಒಟ್ಟು ಅಗತ್ಯದ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆಮೇಲೆ ಚಿತ್ರ ಬದಲಾಗುತ್ತದೆ. ಎಂಟನೆಯ ಎಲೆಯಿಂದ ತೆನೆಯ ರೇಷ್ಮೆ ಹೊರಬರುವವರೆಗಿನ ಒಂದು ತಿಂಗಳಲ್ಲಿ ಒಳ್ಳೆಯ ಪೈರು ಎಕರೆಗೆ ದಿನಕ್ಕೆ ಒಂದು ಕಿಲೋಗೂ ಹೆಚ್ಚು ಸಾರಜನಕ ನುಂಗುತ್ತದೆ. ಮೇಲುಗೊಬ್ಬರವಾಗಿ ಯೂರಿಯಾ ಕೊಡಬೇಕಾದದ್ದು ಈ ಹಸಿವು ಶುರುವಾಗುವ ಮುನ್ನ. ಎಷ್ಟು ಕೊಡಬೇಕೆಂಬುದು ಮಣ್ಣು ತಾನೇ ಎಷ್ಟು ಒದಗಿಸಬಲ್ಲದು ಎಂಬುದನ್ನು ಅವಲಂಬಿಸಿದೆ. ಆ ಲೆಕ್ಕ ಹೊಲದಿಂದ ಹೊಲಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಮಣ್ಣಿನಲ್ಲಿರುವ ಸಾರಜನಕದ ಬಹುಪಾಲು ಸಾವಯವ ರೂಪದಲ್ಲಿ ಕಟ್ಟಿಹಾಕಿದಂತೆ ಇರುತ್ತದೆ. ಬೇರಿಗೆ ಅದು ನೇರವಾಗಿ ಸಿಗದು. ಮಣ್ಣು ಬೆಚ್ಚಗಾಗಿ ತೇವ ಹದವಾಗಿದ್ದಾಗ ಸೂಕ್ಷ್ಮಜೀವಿಗಳು ಅದನ್ನು ಒಡೆದು ಮೊದಲು ಅಮೋನಿಯಂ, ಬಳಿಕ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ನೀರಿನಲ್ಲಿ ಸಲೀಸಾಗಿ ಕರಗಿ ಬೇರಿನ ಬಳಿಗೆ ಹರಿದು ಬರುತ್ತದೆ. ಅದೇ ಸಲೀಸಿನಿಂದ ಮಳೆನೀರಿನ ಜೊತೆ ಕೆಳಗೂ ಇಳಿದುಹೋಗುತ್ತದೆ. ಅಮೆರಿಕದ ಒಣ ಬಯಲುಗಳಲ್ಲಿ ಮಳೆ ಕಡಿಮೆಯಾದ್ದರಿಂದ ಬಿತ್ತನೆಗೆ ಮೊದಲೇ ಆಳದ ಮಣ್ಣು ತೆಗೆದು ನೈಟ್ರೇಟ್ ಅಳೆದರೆ ಅದು ಬೇಸಿಗೆಯವರೆಗೂ ಅಲ್ಲಿಯೇ ಇರುತ್ತಿತ್ತು. ಹಾಗಾಗಿ ಅಲ್ಲಿ ಈ ಅಳತೆ ಹಳೆಯ ರೂಢಿ. ಮಳೆ ಹೆಚ್ಚಿರುವ ಪೂರ್ವದ ರಾಜ್ಯಗಳಲ್ಲಿ ಮಾತ್ರ ಹಿಮ ಕರಗಿ, ವಸಂತದ ಮಳೆ ಸುರಿದು, ಹಿಂದಿನ ವರ್ಷದ ನೈಟ್ರೇಟ್ ತೊಳೆದುಹೋಗುತ್ತಿತ್ತು. ಅಂಥ ಸೀಮೆಯಲ್ಲಿ ಮಣ್ಣಿನ ಸಾರಜನಕ ಪರೀಕ್ಷೆಗೆ ಅರ್ಥವೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು.

ಈ ನಂಬಿಕೆಯನ್ನು ಅಲುಗಿಸಿದವರು ವರ್ಮಾಂಟ್ ವಿಶ್ವವಿದ್ಯಾಲಯದ ಮಣ್ಣುವಿಜ್ಞಾನಿ ಫ್ರೆಡ್ ಮ್ಯಾಗ್ಡಾಫ್ ಮತ್ತು ಅವರ ಸಹೋದ್ಯೋಗಿಗಳು. 1984ರಲ್ಲಿ ಪ್ರಕಟವಾದ ಅವರ ಕೆಲಸದ ಸಾರ ಸರಳವಾಗಿತ್ತು: ಬಿತ್ತುವ ಮೊದಲು ಅಳೆಯುವುದು ಬೇಡ, ಕಾಯಿರಿ. ಪೈರು ಒಂದಡಿಯಷ್ಟು ಎತ್ತರವಾಗುವವರೆಗೆ ಕಾದರೆ ಅಷ್ಟರಲ್ಲಿ ಮಣ್ಣು ಬೆಚ್ಚಗಾಗಿ, ಸೂಕ್ಷ್ಮಜೀವಿಗಳು ಕೆಲವು ವಾರ ದುಡಿದು, ಮೇಲಿನ ಒಂದಡಿಯಲ್ಲಿ ನೈಟ್ರೇಟ್ ಕೂಡಿಟ್ಟಿರುತ್ತವೆ. ಪೈರು ಇನ್ನೂ ಅದಕ್ಕೆ ಹೆಚ್ಚು ಕೈ ಹಾಕಿರುವುದಿಲ್ಲ. ಆ ಕ್ಷಣದ ನೈಟ್ರೇಟ್ ಮಣ್ಣಿನ ದುಡಿಮೆಯ ಸೂಚ್ಯಂಕವಾಗುತ್ತದೆ. ಈವರೆಗೆ ಚೆನ್ನಾಗಿ ಒದಗಿಸಿದ ಮಣ್ಣು ಮುಂದೆಯೂ ಚೆನ್ನಾಗಿಯೇ ಒದಗಿಸೀತು ಎಂಬುದು ಇದರ ಹಿಂದಿನ ತರ್ಕ. 1980ರ ದಶಕದ ಕೊನೆಗೆ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಆಲ್ಫ್ರೆಡ್ ಬ್ಲ್ಯಾಕ್‌ಮರ್ ಮತ್ತು ಸಂಗಡಿಗರು ಇದನ್ನು ಮೆಕ್ಕೆಜೋಳದ ತವರಾದ ಅಯೋವಾದ ಹೊಲಗಳಲ್ಲಿ ಒರೆಗೆ ಹಚ್ಚಿ, ರೈತರು ಬಳಸಬಲ್ಲ ಲೆಕ್ಕಾಚಾರವಾಗಿ ರೂಪಿಸಿದರು. ಅಲ್ಲಿ ಇದಕ್ಕೆ ವಸಂತದ ಕೊನೆಯ ನೈಟ್ರೇಟ್ ಪರೀಕ್ಷೆ ಎಂದು ಹೆಸರು.

ಪರೀಕ್ಷೆಯ ಹೊತ್ತು ಪಂಚಾಂಗದ ತಾರೀಖಿನಿಂದ ನಿರ್ಧಾರವಾಗುವುದಿಲ್ಲ, ಪೈರಿನ ಎತ್ತರದಿಂದ ಆಗುತ್ತದೆ. ಅಯೋವಾದ ಸೂಚನೆಯಂತೆ ಪೈರು 15ರಿಂದ 30 ಸೆಂಟಿಮೀಟರ್ ಇರಬೇಕು. ಇಲ್ಲಿ ಒಂದು ಸಣ್ಣ ತಪ್ಪು ಆಗಾಗ ನುಸುಳುತ್ತದೆ. ಎತ್ತರವನ್ನು ನೆಲದಿಂದ ಸುಳಿಯ ನಡುವಿನವರೆಗೆ ಅಳೆಯಬೇಕು. ಎಲೆಯನ್ನು ಮೇಲಕ್ಕೆ ಎಳೆದು ತುದಿಯವರೆಗೆ ಅಳೆದರೆ ಪೈರು ನಿಜಕ್ಕಿಂತ ದೊಡ್ಡದಾಗಿ ಕಂಡು ಪರೀಕ್ಷೆ ಒಂದು ವಾರ ಮುಂಚೆಯೇ ನಡೆದುಹೋಗುತ್ತದೆ. ತಡವಾದರೂ ತೊಂದರೆಯೇ. ಪೈರು ದೊಡ್ಡದಾದಷ್ಟೂ ಮಣ್ಣಿನ ನೈಟ್ರೇಟ್ ಅದರ ಹೊಟ್ಟೆ ಸೇರಿರುತ್ತದೆ, ಮೇಲುಗೊಬ್ಬರ ಕೊಡಲು ಯಂತ್ರ ಸಾಲಿನ ನಡುವೆ ಇಳಿಯುವುದೂ ಕಷ್ಟವಾಗುತ್ತದೆ. ಒಟ್ಟಿನಲ್ಲಿ ಮಾದರಿ ತೆಗೆದು, ಅಳೆದು, ಗೊಬ್ಬರ ಹಾಕಿ ಮುಗಿಸಲು ರೈತನಿಗೆ ಸಿಗುವುದು ಒಂದೆರಡು ವಾರ.

ಮಾದರಿ ತೆಗೆಯುವಲ್ಲಿ ಆಗುವ ತಪ್ಪನ್ನು ಆಮೇಲೆ ಪ್ರಯೋಗಾಲಯದಲ್ಲಿ ಸರಿಪಡಿಸಲಾಗದು. ಆಳ 30 ಸೆಂಟಿಮೀಟರ್ ಇರಲೇಬೇಕು. ರಂಜಕ, ಪೊಟ್ಯಾಷ್‌ಗಳಿಗೆ ತೆಗೆಯುವ ಗೇಣು ಆಳದ ಮಣ್ಣು ಇದಕ್ಕೆ ಸಾಲದು, ಏಕೆಂದರೆ ನೈಟ್ರೇಟ್ ಒಂದೇ ಮಳೆಗೆ ಅಷ್ಟು ದೂರ ಇಳಿದಿರುತ್ತದೆ. ಸುಮಾರು ಹತ್ತು ಎಕರೆಯ, ಒಂದೇ ಬಗೆಯ ಮಣ್ಣಿನ ತುಂಡಿನಿಂದ 16ರಿಂದ 24 ಕಡೆ ಕೊಳವೆ ಚುಚ್ಚಿ, ಬಂದ ಮಣ್ಣನ್ನೆಲ್ಲ ಒಂದು ಬಕೆಟ್‌ನಲ್ಲಿ ಪುಡಿಮಾಡಿ ಬೆರೆಸಬೇಕು. ಚುಚ್ಚುವ ಜಾಗವನ್ನು ಆರಿಸುವುದಕ್ಕೂ ಬ್ಲ್ಯಾಕ್‌ಮರ್ ತಂಡದವರು ಒಂದು ಕ್ರಮ ಹೇಳಿದ್ದಾರೆ. ಎಂಟೆಂಟರ ಗುಂಪು ಮಾಡಿಕೊಂಡು, ಮೊದಲನೆಯದನ್ನು ಸಾಲಿನಲ್ಲೇ, ಎರಡನೆಯದನ್ನು ಬೇರೊಂದು ಕಡೆ ಎರಡು ಸಾಲುಗಳ ನಡುವಿನ ಅಂತರದ ಎಂಟನೇ ಒಂದು ಭಾಗದಲ್ಲಿ, ಮೂರನೆಯದನ್ನು ಇನ್ನೊಂದು ಕಡೆ ಎಂಟನೇ ಎರಡು ಭಾಗದಲ್ಲಿ, ಹೀಗೆ ಸರಿಯುತ್ತ ಹೋಗುವುದು. ಇದು ಕೇಳಲು ಅತಿ ಅನ್ನಿಸಬಹುದು, ಆದರೆ ಕಾರಣವಿದೆ. ಹಿಂದೆ ಹಾಕಿದ ಗೊಬ್ಬರ ಸಾಲಿಗೆ ಸಮಾನಾಂತರವಾದ ಗೆರೆಗಳಲ್ಲಿ ಬಿದ್ದಿರುತ್ತದೆ. ಮನಸ್ಸಿಗೆ ಬಂದಲ್ಲಿ ಚುಚ್ಚಿದರೆ ಕೈ ತಾನಾಗಿಯೇ ಸಾಲಿನ ನಡುವಿಗೆ ಹೋಗುತ್ತದೆ, ಆ ಗೆರೆಗಳು ಒಂದೋ ಪೂರ್ತಿ ತಪ್ಪುತ್ತವೆ ಇಲ್ಲವೇ ಪದೇ ಪದೇ ಸಿಗುತ್ತವೆ.

ಬಕೆಟ್‌ನಿಂದ ಚೀಲಕ್ಕೆ ಬಂದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಇನ್ನೂ ಬದುಕಿವೆ ಎಂಬುದನ್ನು ಮರೆತವರೇ ಹೆಚ್ಚು. ತೇವದ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗೆ ನಿಂತ ವಾಹನದ ಸೀಟಿನ ಮೇಲೆ ಎರಡು ದಿನ ಬಿಟ್ಟರೆ ಅದು ಮಣ್ಣಿನ ಮಾದರಿಯಾಗಿ ಉಳಿಯುವುದಿಲ್ಲ. ಅದೊಂದು ಬೆಚ್ಚನೆಯ ಹುದುಗುಪಾತ್ರೆ. ಒಳಗೆ ನೈಟ್ರೇಟ್ ಏರುತ್ತಲೇ ಇರುತ್ತದೆ. ಹೊಲದಲ್ಲಿ 15 ಇದ್ದ ಅಂಕಿ ಪ್ರಯೋಗಾಲಯ ತಲುಪುವಾಗ 20 ದಾಟಿದರೂ ಅಚ್ಚರಿಯಿಲ್ಲ. ಆಗ ರೈತ ಹಾಕಬೇಕಾದ ಗೊಬ್ಬರ ಹಾಕದೆ ಬಿಡುತ್ತಾನೆ. ಕಾಗದದ ಮೇಲೆ ಮಣ್ಣನ್ನು ತೆಳುವಾಗಿ ಹರಡಿ, ಫ್ಯಾನ್ ಗಾಳಿಯಲ್ಲಿ ಅದೇ ದಿನ ಒಣಗಿಸಿದರೆ ಜೀವಿಗಳ ಕೆಲಸ ನಿಲ್ಲುತ್ತದೆ. ಒಣಗಿಸಲಾಗದಿದ್ದರೆ ತಂಪುಪೆಟ್ಟಿಗೆಯಲ್ಲಿಟ್ಟು ಒಯ್ಯಬೇಕು.

ಪ್ರಯೋಗಾಲಯ ದೂರವಿದ್ದರೆ ಹೊಲದ ಬದುವಿನ ಮೇಲೇ ಅಳೆಯುವ ಒಂದು ದಾರಿಯಿದೆ. ಇದನ್ನು ಕ್ಯಾಲಿಫೋರ್ನಿಯಾದಲ್ಲಿ ತರಕಾರಿ ಬೆಳೆಗಳಿಗಾಗಿ ರೂಢಿಗೆ ತಂದರು. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಒಂದೂವರೆ ಗ್ರಾಂ ನೀರಾಂಶಯುಕ್ತ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ದ್ರಾವಣ ಬೇಕು. ಗೆರೆ ಹಾಕಿದ ಕೊಳವೆಯಲ್ಲಿ 30 ಮಿಲಿಲೀಟರ್ ಗೆರೆಯವರೆಗೆ ಈ ದ್ರಾವಣ ತುಂಬಿ, ಮಟ್ಟ 40ಕ್ಕೆ ಏರುವವರೆಗೆ ಬೆರೆಸಿದ ಮಣ್ಣನ್ನು ಹಾಕಬೇಕು. ಮುಚ್ಚಳ ಬಿಗಿದು ಹೆಂಟೆಯೆಲ್ಲ ಒಡೆಯುವ ತನಕ ಜೋರಾಗಿ ಕುಲುಕಿ, ಮೇಲೆ ತಿಳಿನೀರು ಕಾಣುವವರೆಗೆ ನಿಲ್ಲಿಸಬೇಕು. ಕ್ಯಾಲ್ಸಿಯಂ ಇರುವುದರಿಂದ ಜೇಡಿ ಬೇಗ ತಳ ಸೇರುತ್ತದೆ, ಬರೀ ನೀರಾದರೆ ಕದಡು ಗಂಟೆಗಟ್ಟಲೆ ಇಳಿಯುವುದಿಲ್ಲ. ಆ ತಿಳಿಯಲ್ಲಿ ನೈಟ್ರೇಟ್ ಪಟ್ಟಿಯನ್ನು ಅದ್ದಿ ತೆಗೆದು, ನೀರು ಜಾಡಿಸಿ, ಒಂದು ನಿಮಿಷ ಕಾದು, ಮೂಡಿದ ಗುಲಾಬಿ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳೊಡನೆ ಹೋಲಿಸಬೇಕು.

ಪಟ್ಟಿ ಹೇಳುವ ಸಂಖ್ಯೆ ನೈಟ್ರೇಟ್‌ನದು, ಅದರೊಳಗಿನ ಸಾರಜನಕದ್ದಲ್ಲ. ಜೊತೆಗೆ ಅದು ದ್ರಾವಣದ ಅಳತೆ, ಮಣ್ಣಿನದಲ್ಲ. ಎರಡನ್ನೂ ಒಂದೇ ಭಾಗಾಕಾರದಲ್ಲಿ ಸರಿಪಡಿಸಬಹುದು. ತೇವದ ಗೋಡು ಮಣ್ಣಾದರೆ ಪಟ್ಟಿಯ ಓದನ್ನು 2ರಿಂದ, ತೇವದ ಜೇಡಿ ಮಣ್ಣಾದರೆ 1.7ರಿಂದ, ತೇವದ ಮರಳು ಮಣ್ಣಾದರೆ 2.3ರಿಂದ ಭಾಗಿಸಬೇಕು. ಗೋಡು ಮಣ್ಣಿಗೆ ಪಟ್ಟಿ 50 ತೋರಿಸಿದರೆ ಮಣ್ಣಿನ ನೈಟ್ರೇಟ್ ಸಾರಜನಕ 25 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಮಣ್ಣಿನಲ್ಲಿ 25 ಪಾಲು. ಪಟ್ಟಿಯ ಬಣ್ಣಗಳು 10, 25, 50, 100 ಎಂದು ದೊಡ್ಡ ಹೆಜ್ಜೆಯಲ್ಲಿ ಏರುವುದರಿಂದ ನಡುವಿನ ಸಂಖ್ಯೆಯನ್ನು ಕಣ್ಣಂದಾಜಿನಲ್ಲಿ ಹೇಳಬೇಕಾಗುತ್ತದೆ. ‘ಸಾಕಷ್ಟಿದೆ, ಇಲ್ಲ’ ಎಂದು ತಿಳಿಯಲು ಅಷ್ಟು ಸಾಕು. ಪ್ರಯೋಗಾಲಯದ ವರದಿ ಓದುವಾಗಲೂ ಇದೇ ಎಚ್ಚರ ಬೇಕು. ವರದಿಯಲ್ಲಿ ನೈಟ್ರೇಟ್ 44 ಎಂದಿದ್ದರೆ ಅದರೊಳಗಿನ ಸಾರಜನಕ 10 ಮಾತ್ರ. ನೈಟ್ರೇಟ್ ಅಣುವಿನ ತೂಕದಲ್ಲಿ ಹೆಚ್ಚಿನದು ಆಮ್ಲಜನಕ, ಸಾರಜನಕವಲ್ಲ. ಭಾಗಿಸುವ ಸಂಖ್ಯೆ 4.43. ಈ ಒಂದು ಗೊಂದಲ ಬರಡು ಹೊಲವನ್ನು ಸಮೃದ್ಧವೆಂದು ತೋರಿಸಬಲ್ಲದು.

ಅಯೋವಾದ ಲೆಕ್ಕದಲ್ಲಿ ಗಡಿರೇಖೆ 25 ಪಿಪಿಎಂ. ಅದಕ್ಕೂ ಮೇಲಿದ್ದರೆ ಹೆಚ್ಚುವರಿ ಸಾರಜನಕದಿಂದ ಇಳುವರಿ ಏರುವ ಸಂಭವ ತೀರ ಕಡಿಮೆ, ಮೇಲುಗೊಬ್ಬರ ಬೇಡ. ಕೆಳಗಿದ್ದರೆ ಎಕರೆಗೆ ಕೊಡಬೇಕಾದ ಸಾರಜನಕ, ಪೌಂಡ್‌ಗಳಲ್ಲಿ, ಹೀಗೆ ಬರುತ್ತದೆ:

```
(25 − N) × 8
```

ಇಲ್ಲಿ N ಎಂಬುದು ಪರೀಕ್ಷೆಯಲ್ಲಿ ಬಂದ ನೈಟ್ರೇಟ್ ಸಾರಜನಕ. ಕಿಲೋದಲ್ಲಿ ಬೇಕಾದರೆ 8ರ ಬದಲು 3.6ರಿಂದ ಗುಣಿಸಿದರಾಯಿತು. ಒಂದಡಿ ಆಳದ ಒಂದೆಕರೆ ಮಣ್ಣು ಸುಮಾರು ನಲವತ್ತು ಲಕ್ಷ ಪೌಂಡ್ ತೂಗುವುದರಿಂದ ಒಂದು ಪಿಪಿಎಂ ಎಂದರೆ 4 ಪೌಂಡ್ ಮಾತ್ರ. ಸೂತ್ರದಲ್ಲಿ ಅದರ ಇಮ್ಮಡಿ ಇದೆ. ಮಣ್ಣನ್ನು ತೂಗಿ ನೋಡಿ ಆ ಸಂಖ್ಯೆಗೆ ಬಂದದ್ದಲ್ಲ, ಹೊಲದ ಪ್ರಯೋಗಗಳಲ್ಲಿ ಪೈರು ಗೊಬ್ಬರಕ್ಕೆ ಹೇಗೆ ಸ್ಪಂದಿಸಿತು ಎಂಬುದನ್ನು ನೋಡಿ ಬಂದದ್ದು. ಅಳೆದದ್ದು ಸೂಚ್ಯಂಕ ಎಂಬ ಮ್ಯಾಗ್ಡಾಫ್ ಅವರ ಮಾತು ಇಲ್ಲಿ ನೆನಪಿರಬೇಕು.

ಒಂದು ಉದಾಹರಣೆ ನೋಡಬಹುದು. ಅಯೋವಾದ ಮಧ್ಯಭಾಗದ ಒಂದು ಹೊಲ, ಹಿಂದಿನ ವರ್ಷವೂ ಮೆಕ್ಕೆಜೋಳವೇ, ಕೊಟ್ಟಿಗೆ ಗೊಬ್ಬರ ಬಿದ್ದಿಲ್ಲ ಎಂದುಕೊಳ್ಳೋಣ. ಜೂನ್ ಮೊದಲ ವಾರ ಸುಳಿ 25 ಸೆಂಟಿಮೀಟರ್ ಎತ್ತರದಲ್ಲಿದೆ. ಪರೀಕ್ಷೆಯಲ್ಲಿ 13 ಪಿಪಿಎಂ ಬಂತು. 25ರಲ್ಲಿ 13 ಕಳೆದರೆ 12, ಎಂಟರಿಂದ ಗುಣಿಸಿದರೆ ಎಕರೆಗೆ 96 ಪೌಂಡ್, ಅಂದರೆ 43 ಕಿಲೋ ಚಿಲ್ಲರೆ ಸಾರಜನಕ. ಆ ಸೀಮೆಯಲ್ಲಿ ಇದನ್ನು ಸಾಮಾನ್ಯವಾಗಿ ಯೂರಿಯಾ ಮತ್ತು ಅಮೋನಿಯಂ ನೈಟ್ರೇಟ್ ಬೆರೆತ ದ್ರವಗೊಬ್ಬರವಾಗಿ ಸಾಲುಗಳ ನಡುವೆ ಮಣ್ಣಿನೊಳಕ್ಕೆ ಇಳಿಸುತ್ತಾರೆ. ಶೇಕಡಾ 28 ಸಾರಜನಕವಿರುವ ಆ ದ್ರವದ ಒಂದು ಗ್ಯಾಲನ್‌ನಲ್ಲಿ ಸುಮಾರು 3 ಪೌಂಡ್ ಇರುವುದರಿಂದ ಎಕರೆಗೆ 32 ಗ್ಯಾಲನ್ ಬೇಕು. ಯೂರಿಯಾ ಲೆಕ್ಕದಲ್ಲಾದರೆ 95 ಕಿಲೋ, ನಮ್ಮ 45 ಕಿಲೋದ ಚೀಲಗಳಲ್ಲಿ ಎರಡು ತುಂಬಿ ಸ್ವಲ್ಪ ಮಿಕ್ಕಷ್ಟು.

ಈಗ ಅದೇ ಹೊಲದಲ್ಲಿ ಮೇ ತಿಂಗಳಿಡೀ ಮಳೆ ಹೊಡೆದು ಐದು ಇಂಚು ದಾಟಿತ್ತು ಎಂದುಕೊಂಡರೆ? ನೈಟ್ರೇಟ್‌ನ ಒಂದಷ್ಟು ಪಾಲು ಎರಡನೆಯ ಅಡಿಗೆ ಇಳಿದಿರುತ್ತದೆ. ಕೊಳವೆಗೆ ಅದು ಸಿಕ್ಕಿಲ್ಲ, ಆದರೆ ಬೇರು ಕೆಳಗಿಳಿದಾಗ ಸಿಗುತ್ತದೆ. ಆದ್ದರಿಂದ ಅಂಥ ವರ್ಷ ಗಡಿರೇಖೆಯನ್ನು 20–22ಕ್ಕೆ ಇಳಿಸಬೇಕೆಂದು ಅಯೋವಾದ ಸೂಚನೆ. 21 ಎಂದು ಹಿಡಿದರೆ ಪ್ರಮಾಣ 64 ಪೌಂಡ್, ಸುಮಾರು 29 ಕಿಲೋಗೆ ಇಳಿಯುತ್ತದೆ. ಮಣ್ಣಿನ ಅಂಕಿ ಬದಲಾಗಿಲ್ಲ, ಆದರೂ ಮಳೆಯ ಟಿಪ್ಪಣಿಯೊಂದೇ ಗೊಬ್ಬರದ ಮೂರನೇ ಒಂದು ಪಾಲನ್ನು ಕಡಿಮೆ ಮಾಡಿತು. ಮಳೆಯ ಲೆಕ್ಕ ಇಡದವರಿಗೆ ಈ ಪರೀಕ್ಷೆ ಅರ್ಧ ಮಾತ್ರ ದಕ್ಕುತ್ತದೆ.

ಹೈನು ಇರುವ ಮನೆಯ ಹೊಲದಲ್ಲಿ ಪರೀಕ್ಷೆಯ ನಿಜವಾದ ಬೆಲೆ ಗೊತ್ತಾಗುತ್ತದೆ. ವರ್ಮಾಂಟ್‌ನಂಥ ಕಡೆ ವರ್ಷವರ್ಷ ಸಗಣಿಗೊಬ್ಬರ ಬಿದ್ದ ಹೊಲಗಳಲ್ಲಿ, ಅಥವಾ ಕುದುರೆ ಮೆಂತ್ಯೆಯ ಹುಲ್ಲುಗಾವಲು ಉತ್ತು ಜೋಳ ಬಿತ್ತಿದ ನೆಲದಲ್ಲಿ, ಮಣ್ಣು ಬೇಸಿಗೆಯುದ್ದಕ್ಕೂ ಸಾರಜನಕ ಬಿಡುತ್ತಲೇ ಇರುತ್ತದೆ. ಅಲ್ಲಿ 25ಕ್ಕಿಂತ ಸಾಕಷ್ಟು ಕೆಳಗಿನ ಅಂಕಿಗೂ ಗೊಬ್ಬರ ಬೇಡವಾಗಬಹುದು. ಹಾಗಾಗಿಯೇ ಅಂಥ ಹೊಲಗಳಿಗೆ ಮೇಲಿನ ಸೂತ್ರವನ್ನು ಬಳಸದೆ ಪ್ರತ್ಯೇಕವಾದ, ಕಡಿಮೆ ಗಡಿಯ ಕೋಷ್ಟಕ ಇಟ್ಟುಕೊಳ್ಳುತ್ತಾರೆ. ಹಲವು ರಾಜ್ಯಗಳ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿದ್ದು ಒಂದೇ. ‘ಈ ಹೊಲಕ್ಕೆ ಮೇಲುಗೊಬ್ಬರ ಬೇಡ’ ಎಂದು ಪರೀಕ್ಷೆ ಹೇಳಿದರೆ ಅದನ್ನು ನಂಬಬಹುದು. ‘ಬೇಕು’ ಎಂದಾಗ ಎಷ್ಟು ಬೇಕು ಎನ್ನುವ ಸಂಖ್ಯೆ ಅಷ್ಟು ಗಟ್ಟಿಯಲ್ಲ. ಸೂತ್ರದಿಂದ ಬಂದ 96 ಪೌಂಡನ್ನು ತೊಂಬತ್ತರ ಆಸುಪಾಸು ಎಂದು ಓದಿಕೊಳ್ಳುವುದು ಜಾಣತನ. ಮಾದರಿಯಲ್ಲಿ ಒಂದು ಪಿಪಿಎಂ ಹೆಚ್ಚುಕಡಿಮೆಯಾದರೂ 8 ಪೌಂಡ್ ವ್ಯತ್ಯಾಸ ಬಂದುಬಿಡುತ್ತದೆ.

ಪರೀಕ್ಷೆ ಕೈಕೊಡುವ ಸಂದರ್ಭಗಳೂ ಇವೆ. ಬಿತ್ತನೆಗೆ ಮುಂಚೆಯೇ ಪೂರ್ತಿ ಪ್ರಮಾಣದ ಅಮೋನಿಯಾವನ್ನು ಪಟ್ಟೆಗಳಾಗಿ ಮಣ್ಣಿಗೆ ಇಳಿಸಿದ್ದರೆ ಮಾದರಿ ಒಂದು ಸಲ ಪಟ್ಟೆಗೆ ಸಿಕ್ಕಿ ಮುಗಿಲಿಗೇರುತ್ತದೆ, ಇನ್ನೊಂದು ಸಲ ತಪ್ಪಿ ನೆಲಕ್ಕೆ ಬೀಳುತ್ತದೆ. ಸ್ವಲ್ಪ ದಿನಗಳ ಹಿಂದಷ್ಟೇ ಯೂರಿಯಾ ಹಾಕಿದ್ದರೆ ಅದು ಇನ್ನೂ ನೈಟ್ರೇಟ್ ಆಗಿರುವುದಿಲ್ಲ, ಪರೀಕ್ಷೆಗೆ ಕಾಣುವುದಿಲ್ಲ. ವಸಂತ ತೀರ ತಣ್ಣಗಿದ್ದ ವರ್ಷ ಸೂಕ್ಷ್ಮಜೀವಿಗಳ ಕೆಲಸ ತಡವಾಗಿ ಅಂಕಿ ಸುಳ್ಳೇ ಕೆಳಗೆ ಬರುತ್ತದೆ. ಮಾದರಿ ತೆಗೆದ ಮೇಲೆ ದೊಡ್ಡ ಮಳೆ ಬಂದರಂತೂ ಹಳೆಯ ವರದಿಯನ್ನು ಮಡಿಸಿಡುವುದೇ ಸರಿ. ನೀರು ನಿಂತ ತಗ್ಗಿನಲ್ಲಿ ಗಾಳಿ ಸಿಗದ ಜೀವಿಗಳು ನೈಟ್ರೇಟ್‌ನ ಆಮ್ಲಜನಕವನ್ನೇ ಉಸಿರಾಡಿ ಸಾರಜನಕವನ್ನು ಅನಿಲವಾಗಿ ಹಾರಿಸಿಬಿಡುತ್ತವೆ. ಅಲ್ಲಿನ ಪೈರು ಕೆಲವೇ ದಿನದಲ್ಲಿ ಹಳದಿಗೆ ತಿರುಗುತ್ತದೆ.

ತೀರ್ಮಾನ ಸರಿಯಾಗಿತ್ತೇ ಎಂದು ಸುಗ್ಗಿಯಲ್ಲಿ ತಿಳಿಯಲು ಬ್ಲ್ಯಾಕ್‌ಮರ್ ಅವರೇ ಇನ್ನೊಂದು ಪರೀಕ್ಷೆ ಹೇಳಿದರು. ಕಾಳಿನ ಬುಡದಲ್ಲಿ ಕಪ್ಪು ಪದರ ಮೂಡಿ ಒಂದರಿಂದ ಮೂರು ವಾರದೊಳಗೆ, ನೆಲದಿಂದ 15 ಸೆಂಟಿಮೀಟರ್ ಮೇಲಿನಿಂದ ದಂಟಿನ ಗೇಣುದ್ದದ ತುಂಡು ಕತ್ತರಿಸಬೇಕು. ಹೊಲದ ಬೇರೆಬೇರೆ ಕಡೆಯಿಂದ ಇಂಥ ಹದಿನೈದು ತುಂಡು ತೆಗೆದು ಅದರ ನೈಟ್ರೇಟ್ ಸಾರಜನಕ ಅಳೆಸಬೇಕು. ಗಿಡಕ್ಕೆ ಹಸಿವಾದಾಗ ಕೆಳಗಿನ ದಂಟಿನಿಂದ ಸಾರಜನಕ ಕಾಳಿಗೆ ಏರಿ ಬುಡ ಬರಿದಾಗುತ್ತದೆ. ಹೆಚ್ಚಾದಾಗ ಅದು ದಂಟಿನಲ್ಲೇ ಉಳಿಯುತ್ತದೆ. 700ರಿಂದ 2,000 ಪಿಪಿಎಂ ಒಳಗಿದ್ದರೆ ಹದ. 2,000 ದಾಟಿದ್ದರೆ ಹಾಕಿದ್ದರಲ್ಲಿ ಒಂದು ಪಾಲು ದುಂದು.

ಕರ್ನಾಟಕದಲ್ಲಿ ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳಕ್ಕೆ ಮಳೆಯಾಶ್ರಯದಲ್ಲಿ ಹೆಕ್ಟೇರಿಗೆ 100 ಕಿಲೋ ಸಾರಜನಕ ಶಿಫಾರಸು. ಎಕರೆಗೆ 40 ಕಿಲೋ ಆಯಿತು. ಒಂದು ಪಾಲು ಬಿತ್ತನೆಯಲ್ಲಿ, ಉಳಿದದ್ದು ಎಡೆ ಹೊಡೆದ ಮೇಲೆ ಯೂರಿಯಾ ರೂಪದಲ್ಲಿ. ಮಣ್ಣು ಆರೋಗ್ಯ ಚೀಟಿಯಲ್ಲಿ ಕಾಣುವ ಸಾರಜನಕದ ಅಂಕಿ ಈ ಮೇಲುಗೊಬ್ಬರಕ್ಕೆ ಹೆಚ್ಚು ನೆರವಾಗುವುದಿಲ್ಲ. ಅದು ಸಾವಯವ ಇಂಗಾಲದಿಂದಲೋ ಕ್ಷಾರೀಯ ಪರ್ಮಾಂಗನೇಟ್ ವಿಧಾನದಿಂದಲೋ ಬರುತ್ತದೆ. ಮಾದರಿಯೂ ಸಾಮಾನ್ಯವಾಗಿ ಬಿತ್ತನೆಗೆ ಮೊದಲೇ ತೆಗೆದದ್ದು. ಮಣ್ಣಿನ ಉಗ್ರಾಣದಲ್ಲಿ ಒಟ್ಟು ಎಷ್ಟಿರಬಹುದು ಎಂಬುದನ್ನು ಅದು ಅಂದಾಜಿಸುತ್ತದೆ, ಈ ವರ್ಷ ಈ ವಾರ ಬಾಗಿಲಿಗೆ ಎಷ್ಟು ಬಂದಿದೆ ಎಂಬುದನ್ನಲ್ಲ.

ಆದರೆ 25 ಎಂಬ ಗಡಿಯನ್ನು ಅಯೋವಾದಿಂದ ಹಾಗೇ ತಂದು ಇಲ್ಲಿನ ಹೊಲಕ್ಕೆ ಹೊಂದಿಸುವಂತಿಲ್ಲ. ಅಲ್ಲಿ ಹಿಮದಡಿ ಮಲಗಿದ್ದ ಮಣ್ಣು ನಿಧಾನ ಬೆಚ್ಚಗಾಗುತ್ತದೆ. ಇಲ್ಲಿ ಬೇಸಿಗೆಯಿಡೀ ಒಣಗಿ ಕಾದ ಮಣ್ಣಿಗೆ ಮುಂಗಾರಿನ ಮೊದಲ ಹನಿ ಬಿದ್ದೊಡನೆ ನೈಟ್ರೇಟ್ ಒಮ್ಮೆಲೇ ಉಕ್ಕುತ್ತದೆ. ಪೈರು ಇನ್ನೂ ಎಳೆಯದಾಗಿರುವಾಗಲೇ ಜೂನ್, ಜುಲೈ ಮಳೆ ಅದರ ಒಂದು ಪಾಲನ್ನು ಕೆಳಗೆ ಒಯ್ಯುತ್ತದೆ. ಆಳವಿಲ್ಲದ ಕೆಂಪು ಮಣ್ಣಿನಲ್ಲಿ ಹೀಗೆ ಇಳಿದದ್ದು ಬೇರಿಗೆ ಮರಳಿ ಸಿಗುವುದು ಕಷ್ಟ. ಎರೆ ಮಣ್ಣಿನಲ್ಲಿ ಅದು ನಿಧಾನವಾಗಿ ಇಳಿಯುತ್ತದೆ, ನೀರು ನಿಂತರೆ ಅನಿಲವಾಗಿ ಹೋಗುತ್ತದೆ. ಕೂರಿಗೆಯಲ್ಲಿ ಬೀಜದ ಜೊತೆ ಬಿದ್ದ ಡಿಎಪಿಯ ಅಮೋನಿಯಂ ಸಾಲಿನುದ್ದಕ್ಕೂ ಇರುತ್ತದೆ. ಎಂಟರ ಕ್ರಮದಲ್ಲಿ ಸರಿಯುತ್ತ ಚುಚ್ಚದಿದ್ದರೆ ಇಲ್ಲಿಯೂ ಅಂಕಿ ದಾರಿ ತಪ್ಪಿಸುತ್ತದೆ.

ಇಲ್ಲಿಗೆ ಹೊಂದುವ ಗಡಿಯನ್ನು ಇಲ್ಲಿಯ ಹೊಲಗಳೇ ಹೇಳಬೇಕು. ಅದನ್ನು ಕಂಡುಕೊಳ್ಳುವ ರೀತಿ ಎಲ್ಲ ಕಡೆಯೂ ಒಂದೇ. ಹಲವು ಹೊಲಗಳಲ್ಲಿ ಪೈರು ಗೇಣುದ್ದವಿದ್ದಾಗ ಒಂದಡಿ ಮಣ್ಣಿನ ನೈಟ್ರೇಟ್ ಅಳೆದು ಬರೆದಿಟ್ಟುಕೊಳ್ಳಬೇಕು. ಅದೇ ಹೊಲದಲ್ಲಿ ಅಕ್ಕಪಕ್ಕದ ಎರಡು ಪಟ್ಟೆಗಳಲ್ಲಿ ಒಂದಕ್ಕೆ ಮೇಲುಗೊಬ್ಬರ ಪೂರ್ತಿ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಕಟಾವಿನಲ್ಲಿ ಎರಡರ ಕಾಳನ್ನೂ ತೂಗಬೇಕು. ಎರಡು ಪಟ್ಟೆಯ ತೂಕ ಸಮನಾದ ಹೊಲಗಳ ನೈಟ್ರೇಟ್ ಎಷ್ಟಿತ್ತು, ಬರಿ ಪಟ್ಟೆ ಸೋತ ಹೊಲಗಳದ್ದು ಎಷ್ಟಿತ್ತು ಎಂದು ಜೋಡಿಸಿ ನೋಡಿದರೆ ಗಡಿ ಎಲ್ಲಿ ಬೀಳುತ್ತದೆಂದು ಕಾಣುತ್ತದೆ. ಒಬ್ಬನೇ ರೈತ ಒಂದೇ ಹೊಲದಲ್ಲಿ ಇದನ್ನು ಮೂರ್ನಾಲ್ಕು ಮುಂಗಾರು ಮಾಡಿದರೂ ತನ್ನ ಮಣ್ಣು ಯಾವ ಅಂಕಿಗೆ ಯೂರಿಯಾ ಕೇಳುತ್ತದೆ, ಯಾವುದಕ್ಕೆ ಕೇಳುವುದಿಲ್ಲ ಎಂಬ ಅಂದಾಜು ಅವನಿಗೆ ಸಿಗುತ್ತದೆ.